‘ಮೊದಲಿನ ಹಾಗೇ, ಸ್ವಲ್ಪ ಜಾಸ್ತಿ ಅಷ್ಟೇ’

ನಮ್ಮ ಆಫೀಸಿನಲ್ಲಿ ಹಳೆಯ ಪದ್ಧತಿ ಒಂದಿತ್ತು. ಯಾವುದಾದರೂ ವೆಂಡರ್ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ನಂಬರಿಗೆ ಹಣ ಹಾಕಿ’ ಎಂದು ಮೇಲ್ ಕಳಿಸಿದರೆ ಯಾರೂ ಸುಮ್ಮನೆ ಬದಲಾಯಿಸುತ್ತಿರಲಿಲ್ಲ. ನಮ್ಮ ಕಡತದಲ್ಲಿ ಮೊದಲಿನಿಂದ ಇರುವ ಫೋನ್ ನಂಬರಿಗೆ ಕರೆ ಮಾಡಿ, ಅವರೇ ಕಳಿಸಿದ್ದು ಹೌದಾ ಎಂದು ಕೇಳುತ್ತಿದ್ದರು. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗಲ್ಲ, ಹಳೆಯ ನಂಬರಿಗೆ. ಮೋಸ ಮಾಡುವವರು ಮೇಲ್ ಜೊತೆ ತಮ್ಮದೇ ಫೋನ್ ನಂಬರನ್ನೂ ಹಾಕಿರುತ್ತಾರೆ ಅಲ್ವಾ, ಅದಕ್ಕೆ. ಹಣ ಒಮ್ಮೆ ಹೋದರೆ ವಾಪಸ್ ತರುವುದು ಬಹಳ ಕಷ್ಟ.

ಈ ಕರೆ ಮಾಡುತ್ತಿದ್ದವರು ಅಕೌಂಟ್ಸ್‌ನಲ್ಲಿದ್ದ ಒಬ್ಬ ಹಿರಿಯ ಸಹೋದ್ಯೋಗಿ. ಖರೀದಿ ವಿಭಾಗವನ್ನೂ ಅಕೌಂಟ್ಸ್‌ನ ಅರ್ಧ ಭಾಗವನ್ನೂ ಸೇರಿಸಿ ‘ಆಪರೇಷನ್ಸ್’ ಮಾಡಿದಾಗ ಅವರನ್ನು ಬೇರೆ ಕಡೆ ಹಾಕಿದರು. ಹೊಸ ರಚನೆಯ ಚಿತ್ರ ಎಲ್ಲರಿಗೂ ಬಂತು. ಚೌಕಗಳು, ಗೆರೆಗಳು, ಹೆಸರುಗಳು. ನನ್ನ ಹೆಸರಿನ ಚೌಕ ಒಂದು ಗೆರೆಯಿಂದ ಬಿಡಿಸಿಕೊಂಡು ಇನ್ನೊಂದು ಗೆರೆಗೆ ಜೋತುಬಿದ್ದಿತ್ತು.

ಸುಮಾರು ಎರಡು ತಿಂಗಳಾದ ಮೇಲೆ ಒಂದು ಸಂಜೆ ನಾನು ಬೇರೇನನ್ನೋ ಹುಡುಕುತ್ತಿದ್ದೆ. ಒಬ್ಬ ವೆಂಡರ್‌ನ ಖಾತೆ ಬದಲಾಗಿದ್ದು ಕಣ್ಣಿಗೆ ಬಿತ್ತು. ಕರೆ ಮಾಡಿದ ಟಿಪ್ಪಣಿ ಇರಲಿಲ್ಲ. ಎಂಟ್ರಿ ಮಾಡಿದ ಹುಡುಗನನ್ನು ಕೇಳಿದೆ. ‘ನೀವು ಕರೆ ಮಾಡಿರ್ತೀರಾ ಅಂದ್ಕೊಂಡೆ’ ಅಂದ. ನಾನು ಅಕೌಂಟ್ಸ್‌ನವರು ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಅಕೌಂಟ್ಸ್‌ನಲ್ಲಿ ಉಳಿದವರಿಗೆ ಇಂಥ ಕೆಲಸ ಒಂದಿದೆ ಎಂದೇ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹಳೆಯ ನಂಬರಿಗೆ ಕರೆ ಮಾಡಿದೆ. ಬದಲಾವಣೆ ನಿಜವೇ ಆಗಿತ್ತು. ಉಸಿರು ಬಿಟ್ಟೆ. ಆದರೆ ಎರಡು ತಿಂಗಳಲ್ಲಿ ಇಂಥವು ಇನ್ನೆಷ್ಟು ಆಗಿವೆಯೋ ಎಂದು ಕೂತು ಎಲ್ಲ ತೆಗೆದು ನೋಡಬೇಕಾಯಿತು.

ಆ ಸಂಜೆಯೇ ನನ್ನ ಜೆಡಿ, ಅಂದರೆ ಜಾಬ್ ಡಿಸ್ಕ್ರಿಪ್ಶನ್, ತೆಗೆದು ಓದಿದೆ. ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿ ಮರೆತ ಕಾಗದ ಅದು. ಒಂಬತ್ತು ಸಾಲುಗಳಿದ್ದವು. ನಾಲ್ಕು ಈಗಲೂ ನಿಜ. ಎರಡು ಪೂರ್ತಿ ಸತ್ತುಹೋಗಿದ್ದವು, ಆ ಹೆಸರಿನ ವಿಭಾಗವೇ ಈಗ ಇಲ್ಲ. ಉಳಿದ ಮೂರು ಅರ್ಧಂಬರ್ಧ. ವೆಂಡರ್‌ಗೆ ಕರೆ ಮಾಡುವ ವಿಷಯ ಅದರಲ್ಲಿ ಇರಲಿಲ್ಲ. ಆಮೇಲೆ ತಿಳಿದದ್ದು, ಆ ಹಿರಿಯರ ಜೆಡಿಯಲ್ಲೂ ಅದು ಇರಲಿಲ್ಲವಂತೆ. ಅವರು ರೂಢಿಯಿಂದ ಮಾಡುತ್ತಿದ್ದರು. ಬರೆದಿಟ್ಟ ಕೆಲಸಗಳನ್ನು ಯಾರಾದರೂ ಹೊಸ ಹೆಸರಿಗೆ ವರ್ಗಾಯಿಸುತ್ತಾರೆ. ರೂಢಿಯಲ್ಲಿದ್ದ ಕೆಲಸ ಮಾತ್ರ ಆ ಮನುಷ್ಯರ ಜೊತೆಗೇ ಎದ್ದು ಹೋಗುತ್ತದೆ.

ಸರಿ, ಮ್ಯಾನೇಜರ್ ಹತ್ತಿರ ಕೇಳಿಬಿಡೋಣ ಅಂದುಕೊಂಡೆ. ಮೊದಲ ಸಲ ಕೇಳಿದ್ದು ತಪ್ಪಾಗಿಯೇ. ಮೀಟಿಂಗ್ ಮುಗಿಸಿ ಹೊರಗೆ ಬರುವಾಗ, ಬಾಗಿಲ ಹತ್ತಿರ, ‘ಮೇಡಂ, ಈಗ ನನ್ನ ಜವಾಬ್ದಾರಿ ಏನೇನು ಅಂತ ಸ್ವಲ್ಪ ಸ್ಪಷ್ಟ ಮಾಡ್ತೀರಾ?’ ಎಂದೆ. ಅವರು ನಕ್ಕು, ‘ಮೊದಲಿನ ಹಾಗೇ, ಸ್ವಲ್ಪ ಜಾಸ್ತಿ ಅಷ್ಟೇ. ಸದ್ಯಕ್ಕೆ ಎಲ್ಲರೂ ಹೊಂದಿಕೊಂಡು ಹೋಗೋಣ’ ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅವರ ತಪ್ಪು ಕಡಿಮೆ. ನಾನು ಕೇಳಿದ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಕೊಡಲು ಯಾರಿಂದಲೂ ಆಗುವುದಿಲ್ಲ. ಅವರೂ ಆ ಕುರ್ಚಿಗೆ ಹೊಸಬರು. ನಾನು ದಿನವಿಡೀ ಏನು ಮಾಡುತ್ತೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರ ಜೆಡಿಯೂ ನನ್ನದರಷ್ಟೇ ಹಳೆಯದಾಗಿರಬೇಕು. ಇನ್ನೂ ಒಂದು ವಿಷಯ ಇದೆ. ಇಂಥ ಹೊತ್ತಿನಲ್ಲಿ ‘ನನ್ನ ಜವಾಬ್ದಾರಿ ಏನು’ ಎಂದು ಬರಿಗೈಯಲ್ಲಿ ಕೇಳಿದರೆ, ಎದುರಿನವರ ಕಿವಿಗೆ ಅದು ‘ಯಾವುದನ್ನು ನಾನು ಮಾಡದೇ ಇರಬಹುದು’ ಎಂದು ಕೇಳಿಸುತ್ತದೆ. ನಮ್ಮ ಮನಸ್ಸಿನಲ್ಲಿ ಅದಿಲ್ಲದಿದ್ದರೂ ಅಷ್ಟೇ.

ಹಾಗಾಗಿ ಎರಡನೇ ಸಲ ಕೇಳುವ ಮೊದಲು ಎರಡು ವಾರ ನನ್ನ ಕೆಲಸವನ್ನು ಬರೆದಿಟ್ಟೆ. ಸುಮ್ನೆ ಒಂದು ಶೀಟ್. ಏನು ಕೆಲಸ, ಯಾರು ಕೇಳಿದರು, ಎಷ್ಟು ಹೊತ್ತಾಯಿತು, ಅಡ್ಡಿ ಬಂದರೆ ಯಾರನ್ನು ಕೇಳಬೇಕು. ಈ ನಾಲ್ಕನೇ ಕಾಲಂ ಮುಖ್ಯ. ಎಷ್ಟೋ ಕೆಲಸಗಳ ಮುಂದೆ ಅದು ಖಾಲಿ ಉಳಿಯಿತು. ತೊಂದರೆ ಇರುವುದು ಎಲ್ಲಿ ಎಂದು ಆ ಖಾಲಿ ಜಾಗಗಳೇ ತೋರಿಸಿದವು. ತಿಂಗಳ 20ರಿಂದ ಮುಂದಿನ ತಿಂಗಳ 5ರವರೆಗೆ ಬರೆದೆ. ನಮ್ಮಲ್ಲಿ ತಿಂಗಳ ಕೊನೆಗೆ ಬರುವ ಕೆಲಸವೇ ಬೇರೆ, ಅದು ಬಿಟ್ಟುಹೋದರೆ ಲೆಕ್ಕ ಸುಳ್ಳಾಗುತ್ತದೆ. ನಿಮ್ಮ ಕೆಲಸ ಮೂರು ತಿಂಗಳಿಗೊಮ್ಮೆ ಏರುವಂಥದ್ದಾದರೆ ಎರಡು ವಾರ ಸಾಲದು. ಆಗ ಹಳೆಯ ಮೇಲ್‌ಗಳನ್ನೂ ಕ್ಯಾಲೆಂಡರನ್ನೂ ಹಿಂದಕ್ಕೆ ತಿರುಗಿಸಿ ತುಂಬಿಸಬೇಕಾಗುತ್ತದೆ.

ನಿಮಿಷ ನಿಮಿಷದ ಲೆಕ್ಕ ಇಡಲು ಹೋಗಬೇಡಿ. ನಾನು ಮೊದಲ ದಿನ ಹಾಗೆ ಮಾಡಿ ಬೇಸತ್ತೆ. ಅರ್ಧ ಗಂಟೆಗೆ ಹೊಂದಿಸಿ ಬರೆದರೆ ಸಾಕು.

ಕೊನೆಗೆ ನೋಡಿದರೆ 21 ಬಗೆಯ ಕೆಲಸಗಳು. ಹಳೆಯ ಜೆಡಿಯಲ್ಲಿ ಬರುವಂಥವು ನನ್ನ ಹೊತ್ತಿನ ಅರ್ಧಕ್ಕಿಂತ ಕಡಿಮೆ. ಈ ಮಾತು ಮ್ಯಾನೇಜರ್‌ಗೆ ಹೇಳಲು ಚೆನ್ನಾಗಿತ್ತು. ಆದರೆ ನನಗೆ ಹೆಚ್ಚು ಉಪಯೋಗವಾದದ್ದು ಬೇರೆ. ಆ 21ರಲ್ಲಿ 17 ಕೆಲಸಗಳ ಬಗ್ಗೆ ನಿಜಕ್ಕೂ ಯಾವ ಗೊಂದಲವೂ ಇರಲಿಲ್ಲ. ಕಾಗದದಲ್ಲಿ ಇಲ್ಲದಿದ್ದರೂ ಅವು ನನ್ನವೇ ಎಂದು ನನಗೂ ಗೊತ್ತು, ಉಳಿದವರಿಗೂ ಗೊತ್ತು. ಎರಡು ತಿಂಗಳಿಂದ ‘ಏನೂ ಸ್ಪಷ್ಟ ಇಲ್ಲ’ ಎಂದು ಗೊಣಗುತ್ತಿದ್ದೆನಲ್ಲ, ಅದೆಲ್ಲ ಬರೀ ನಾಲ್ಕು ಸಾಲಿನ ಗೊಂದಲ.

ಆ ನಾಲ್ಕು ಇವು. ಬ್ಯಾಂಕ್ ಖಾತೆ ಬದಲಾದಾಗ ಕರೆ ಮಾಡುವುದು. ಸಾಮಾನ್ಯ ದಿನ ಬಿಟ್ಟು ನಡುವೆ ಬರುವ ತುರ್ತು ಪಾವತಿಗೆ ಒಪ್ಪಿಗೆ ಕೊಡುವುದು. ಪಕ್ಕದ ಟೀಮಿಗೆ ಬಂದ ಹೊಸಬರಿಗೆ ಕೆಲಸ ಕಲಿಸುವುದು. ಮತ್ತೆ, ಪ್ರತಿ ತಿಂಗಳು ನಾನು ತಯಾರಿಸುವ ಒಂದು ವರದಿ. ಅದನ್ನು ಯಾರು ಓದುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇವನ್ನು ಎದುರಿಗಿಟ್ಟುಕೊಂಡು ನೋಡಿದಾಗ ಎಲ್ಲವೂ ಒಂದೇ ಬಗೆಯ ತೊಂದರೆ ಅಲ್ಲ ಅನ್ನಿಸಿತು. 1964ರಷ್ಟು ಹಿಂದೆಯೇ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಕಾನ್ ಮತ್ತು ಅವರ ಜೊತೆಗಾರರು ಕೆಲಸದ ಜಾಗದ ಒತ್ತಡವನ್ನು ಅಧ್ಯಯನ ಮಾಡಿ ಎರಡು ವಿಷಯಗಳನ್ನು ಬೇರೆ ಬೇರೆ ಮಾಡಿ ತೋರಿಸಿದ್ದರು. ನನ್ನಿಂದ ಏನು ಬಯಸುತ್ತಿದ್ದಾರೆ ಎಂದೇ ಗೊತ್ತಾಗದಿರುವುದು ಒಂದು. ಇಬ್ಬರು ನನ್ನಿಂದ ಒಂದಕ್ಕೊಂದು ವಿರುದ್ಧವಾದದ್ದನ್ನು ಬಯಸುವುದು ಇನ್ನೊಂದು. ಪುಸ್ತಕದ ಮಾತು ಅನ್ನಿಸಬಹುದು, ಆದರೆ ಪರಿಹಾರ ಹುಡುಕುವಾಗ ಈ ವ್ಯತ್ಯಾಸ ಬಹಳ ಕೆಲಸಕ್ಕೆ ಬಂತು. ಮೊದಲನೆಯದಕ್ಕೆ ಒಬ್ಬರ ಹತ್ತಿರ ಒಂದು ಉತ್ತರ ಪಡೆದರೆ ಮುಗಿಯಿತು. ಎರಡನೆಯದಕ್ಕೆ ಉತ್ತರ ಪಡೆದು ಏನೂ ಆಗುವುದಿಲ್ಲ, ನಮ್ಮ ಹತ್ತಿರ ಆಗಲೇ ಎರಡು ಉತ್ತರ ಇರುತ್ತವೆ! ಆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಬೇಕು.

ಮೇಡಂಗೆ ಮೇಲ್ ಬರೆದೆ. ಇದನ್ನು ಮೂರು ಸಲ ತಿದ್ದಿದ್ದೇನೆ, ಹಾಗಾಗಿ ಇಲ್ಲಿ ಪೂರ್ತಿ ಹಾಕುತ್ತೇನೆ:

‘ಹೊಸ ರಚನೆ ಬಂದ ಮೇಲೆ ನನ್ನ ಜೆಡಿಯಲ್ಲಿ ಇರುವುದಕ್ಕೂ ನಾನು ಮಾಡುತ್ತಿರುವುದಕ್ಕೂ ಹೊಂದಿಕೆ ತಪ್ಪಿದೆ. ಎರಡು ವಾರದ ಕೆಲಸವನ್ನು ಬರೆದು ನೋಡಿದೆ, ಒಂದು ಪುಟದಲ್ಲಿ ಜೊತೆಗೆ ಇಟ್ಟಿದ್ದೇನೆ. ಹೆಚ್ಚಿನದರಲ್ಲಿ ಗೊಂದಲ ಇಲ್ಲ, ಹಾಗೇ ಮುಂದುವರಿಸುತ್ತೇನೆ. ನಾಲ್ಕು ವಿಷಯಗಳಲ್ಲಿ ಮಾತ್ರ ನಿಮ್ಮ ತೀರ್ಮಾನ ಬೇಕು. ಪ್ರತಿಯೊಂದಕ್ಕೂ ನನಗೆ ಸರಿ ಅನ್ನಿಸಿದ್ದನ್ನು ಬರೆದಿದ್ದೇನೆ. ಈ ವಾರ ಅರ್ಧ ಗಂಟೆ ಸಿಗಬಹುದಾ?’

ಮೊದಲ ಕರಡಿನಲ್ಲಿ ‘ಕೆಲಸದ ಹೊರೆ ಹೆಚ್ಚಾಗಿದೆ’ ಎಂಬ ಸಾಲು ಇತ್ತು. ತೆಗೆದೆ. ಹೊರೆ ಹೆಚ್ಚಾಗಿದ್ದು ನಿಜ, ಆದರೆ ಆ ಸಾಲು ಇದ್ದರೆ ಮಾತು ಪೂರ್ತಿ ಆ ಕಡೆಗೇ ಹೋಗುತ್ತಿತ್ತು. ಸಂಬಳದ ಮಾತನ್ನೂ ಎತ್ತಲಿಲ್ಲ. ಕೆಲಸ ದೊಡ್ಡದಾದರೆ ಸಂಬಳ ಕೇಳುವುದು ನ್ಯಾಯವೇ. ಆದರೆ ಅದು ಬೇರೆ ದಿನದ ಮಾತು, ಹಲವು ಕಡೆ ಅದನ್ನು ತೀರ್ಮಾನ ಮಾಡುವವರೂ ಬೇರೆ. ಎರಡನ್ನೂ ಒಟ್ಟಿಗೆ ಇಟ್ಟರೆ, ದುಡ್ಡಿನ ಪ್ರಶ್ನೆಗೆ ‘ಈಗ ಆಗಲ್ಲ’ ಎಂದು ಹೇಳುವ ಭರದಲ್ಲಿ ಜವಾಬ್ದಾರಿಯ ಪ್ರಶ್ನೆಯೂ ತೇಲಿಹೋಗುತ್ತದೆ. ಕೆಲಸ ಏನು ಎಂಬುದು ಮೊದಲು ಬರಹದಲ್ಲಿ ಬಂದಿದ್ದರೆ, ಮುಂದೆ ಸಂಬಳ ಕೇಳುವಾಗ ಆ ಬರಹವೇ ನಮ್ಮ ಪರ ಮಾತಾಡುತ್ತದೆ.

ಅರ್ಧ ಗಂಟೆ ಸಿಕ್ಕಿತು. ಮುಕ್ಕಾಲು ಗಂಟೆಯಾಯಿತು.

ಖಾತೆ ಬದಲಾವಣೆಯ ವಿಷಯಕ್ಕೆ ಎರಡೇ ನಿಮಿಷ ಸಾಕಾಯಿತು. ನಡೆದದ್ದನ್ನು ಹೇಳಿದೆ. ಅವರ ಮುಖ ಬದಲಾಯಿತು. ‘ಕರೆ ನೀವು ಮಾಡಿ’ ಅಂದರು. ಅಲ್ಲಿಗೆ ಬಿಟ್ಟಿದ್ದರೆ ಅರ್ಧ ಕೆಲಸವಷ್ಟೇ ಆಗುತ್ತಿತ್ತು. ನಾನು ಕೇಳಿದೆ, ‘ಮೇಡಂ, ಕರೆ ಮಾಡಿದಾಗ ಅನುಮಾನ ಬಂದರೆ ಪಾವತಿ ನಿಲ್ಲಿಸೋ ಅಧಿಕಾರ ನನಗಿದೆಯಾ? ಆ ಕಡೆಯಿಂದ ಯಾರಾದರೂ ದೊಡ್ಡವರು ಕೂಗಾಡಿದರೆ?’ ಸ್ವಲ್ಪ ಹೊತ್ತು ಯೋಚಿಸಿ, ‘ನಿಲ್ಲಿಸಿ, ನನಗೆ ಒಂದು ಮೇಲ್ ಹಾಕಿ. ಮತ್ತೆ ಬಿಡೋದು ನನ್ನನ್ನು ಕೇಳಿ’ ಅಂದರು. ನನ್ನ ಪಾಲಿಗೆ ಇಡೀ ಮಾತುಕತೆಯಲ್ಲಿ ಸಿಕ್ಕ ಮುಖ್ಯವಾದ ವಾಕ್ಯ ಇದು. ಕೆಲಸ ಕೊಡುವುದು ಎಲ್ಲರಿಗೂ ಸುಲಭ. ಆ ಕೆಲಸಕ್ಕೆ ಬೇಕಾದ ಅಧಿಕಾರ ಎಷ್ಟು ಎಂದು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಕರೆ ಮಾಡುವವನ ಹೆಸರು ಇರುತ್ತದೆ, ನಿಲ್ಲಿಸುವ ಕೈ ಇರುವುದಿಲ್ಲ. ನಾಳೆ ಏನಾದರೂ ತಪ್ಪಾದರೆ ಹೆಸರು ಇದ್ದವನೇ ಸಿಕ್ಕಿಕೊಳ್ಳುತ್ತಾನೆ.

ನಾನು ರಜೆಯಲ್ಲಿದ್ದಾಗ ಯಾರು ಮಾಡಬೇಕು ಎಂಬುದನ್ನೂ ಅಲ್ಲೇ ಕೇಳಿ ಬರೆದುಕೊಂಡೆ. ಎಂಟ್ರಿ ಮಾಡುವವನೇ ಕರೆಯನ್ನೂ ಮಾಡಬಾರದು ಎಂದೂ ಸೇರಿಸಿದೆವು, ಇಲ್ಲದಿದ್ದರೆ ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡ ಹಾಗೆ.

ತುರ್ತು ಪಾವತಿಯ ವಿಷಯ ಅಷ್ಟು ಸುಲಭ ಇರಲಿಲ್ಲ. ಹೊಸ ರಚನೆಯಲ್ಲಿ ನನಗೆ ಒಬ್ಬ ಮ್ಯಾನೇಜರ್ ನೇರ ಗೆರೆಯಲ್ಲಿ, ಇನ್ನೊಬ್ಬರು ಚುಕ್ಕಿ ಗೆರೆಯಲ್ಲಿ, ಅಂದರೆ ಇಬ್ಬರ ಮಾತನ್ನೂ ಕೇಳಬೇಕು. ಖರೀದಿ ಕಡೆಯವರಿಗೆ ವೆಂಡರ್ ಕೋಪಿಸಿಕೊಳ್ಳಬಾರದು, ಹಣ ಇವತ್ತೇ ಹೋಗಬೇಕು. ಹಣಕಾಸು ಕಡೆಯವರಿಗೆ ವಾರಕ್ಕೆ ಎರಡು ದಿನ ಮಾತ್ರ ಪಾವತಿ, ನಡುವೆ ಬೇಡ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನಡುವೆ ನೊಗ ನಾನು.

ಇಂಥದ್ದಕ್ಕೆ ಒಂದು ಪ್ರಸಿದ್ಧ ಕೋಷ್ಟಕ ಇದೆ, ರೇಸಿ ಎನ್ನುತ್ತಾರೆ. ಪ್ರತಿ ಕೆಲಸದ ಮುಂದೆ ಮಾಡುವವರು ಯಾರು, ಕೊನೆಗೆ ಉತ್ತರ ಹೇಳಬೇಕಾದವರು ಯಾರು, ಮೊದಲೇ ಯಾರನ್ನು ಕೇಳಬೇಕು, ಆಮೇಲೆ ಯಾರಿಗೆ ತಿಳಿಸಿದರೆ ಸಾಕು ಎಂದು ನಾಲ್ಕು ಅಕ್ಷರಗಳಲ್ಲಿ ತುಂಬುತ್ತಾರೆ. ದೊಡ್ಡ ಪ್ರಾಜೆಕ್ಟಿಗೆ ಸರಿ. ಒಬ್ಬರ ಕೆಲಸಕ್ಕೆ 21 ಸಾಲು ತುಂಬಿಸಿಕೊಂಡು ಹೋದರೆ ಮ್ಯಾನೇಜರ್ ಅದನ್ನು ‘ಆಮೇಲೆ ನೋಡ್ತೀನಿ’ ಎಂದು ಪಕ್ಕಕ್ಕಿಡುತ್ತಾರೆ. ನಾನು ಅದರಿಂದ ಒಂದೇ ಒಂದು ನಿಯಮ ತೆಗೆದುಕೊಂಡೆ. ಕೊನೆಗೆ ಉತ್ತರ ಹೇಳುವವರು ಪ್ರತಿ ಸಾಲಿಗೆ ಒಬ್ಬರೇ ಇರಬೇಕು. ಇಬ್ಬರ ಹೆಸರು ಬಂತು ಅಂದರೆ ತೀರ್ಮಾನ ಇನ್ನೂ ಆಗಿಲ್ಲ ಎಂದೇ ಅರ್ಥ.

ಮೇಡಂ ‘ನೀವೇ ಆ ಇನ್ನೊಬ್ಬ ಮ್ಯಾನೇಜರ್ ಹತ್ತಿರ ಮಾತಾಡಿ ಹೊಂದಿಸಿಕೊಳ್ಳಿ’ ಅಂದರು. ಇಲ್ಲಿ ಸ್ವಲ್ಪ ಗಟ್ಟಿಯಾಗಿ ನಿಲ್ಲಬೇಕಾಯಿತು. ‘ನಾನು ಮಾತಾಡಿದರೆ ಅವರು ಹೇಳಿದ್ದನ್ನು ನಿಮಗೆ, ನೀವು ಹೇಳಿದ್ದನ್ನು ಅವರಿಗೆ ಒಯ್ಯೋದಷ್ಟೇ ಆಗುತ್ತೆ ಮೇಡಂ. ಕಳೆದ ಎರಡು ವಾರದಲ್ಲಿ ಆರು ಸಲ ಹಾಗಾಗಿದೆ’ ಎಂದು ಶೀಟ್ ತೋರಿಸಿದೆ. ಆರು ಎಂಬ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಈ ಮಾತು ದೂರಿನ ಹಾಗೆ ಕೇಳಿಸುತ್ತಿತ್ತು. ಅವರು ಅಲ್ಲೇ ಫೋನ್ ಎತ್ತಿ ಆ ಮ್ಯಾನೇಜರನ್ನು ಕರೆದರು. ಹತ್ತು ನಿಮಿಷದಲ್ಲಿ ಒಂದು ಗೆರೆ ಎಳೆದರು. ಒಂದು ಮೊತ್ತದವರೆಗೆ, ಲಿಖಿತ ಕಾರಣ ಇದ್ದರೆ, ನಾನೇ ಬಿಡಬಹುದು. ಅದರ ಮೇಲಿನದಕ್ಕೆ ಹಣಕಾಸು ಕಡೆಯ ಮ್ಯಾನೇಜರ್ ಒಬ್ಬರ ಒಪ್ಪಿಗೆ ಸಾಕು. ಖರೀದಿಯವರಿಗೆ ತಿಳಿಸಿದರೆ ಆಯಿತು.

ಚೆನ್ನಾಗಿತ್ತು. ಆದರೆ ಮುಂದಿನ ವಾರ ಮೊದಲ ತುರ್ತು ಪಾವತಿ ಬಂದಾಗ ಸಿಸ್ಟಂ ಅದನ್ನು ಸೀದಾ ನನ್ನ ಹಳೆಯ ಮ್ಯಾನೇಜರ್‌ಗೆ ಕಳಿಸಿತು! ಅವರು ಬೇರೆ ವಿಭಾಗಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಅಪ್ರೂವಲ್ ಹೋಗುವ ದಾರಿಯನ್ನು ಯಾರೂ ಬದಲಾಯಿಸಿರಲಿಲ್ಲ. ಪಾಪ, ಅವರು ಮೂರು ತಿಂಗಳಿಂದ ಏನೋ ಬರುತ್ತಿದೆ ಎಂದು ಅಪ್ರೂವ್ ಒತ್ತುತ್ತಾ ಕೂತಿದ್ದರು. ಮಾತಿನಲ್ಲಿ ಏನೇ ಒಪ್ಪಿದರೂ, ಕಾಗದದಲ್ಲಿ ಏನೇ ಬರೆದರೂ, ಸಿಸ್ಟಂನಲ್ಲಿ ಯಾರ ಹೆಸರಿದೆಯೋ ಅವರೇ ನಿಜವಾದ ಅಧಿಕಾರಿ. ಹಾಗಾಗಿ ಯಾರಾದರೂ ಈ ದಾರಿಯಲ್ಲಿ ಹೋಗುವುದಾದರೆ ಒಪ್ಪಿದ ದಿನವೇ ಇನ್ನೊಂದು ಸಣ್ಣ ಪಟ್ಟಿ ಮಾಡಿಕೊಳ್ಳಿ. ಅಪ್ರೂವಲ್‌ನಲ್ಲಿ ಯಾರ ಹೆಸರಿದೆ, ಯಾವ ಫೋಲ್ಡರ್ ತೆರೆಯಲು ನಮಗೆ ಅನುಮತಿ ಇದೆ, ಗುಂಪಿನ ಮೇಲ್ ಐಡಿಗಳು ಯಾರಿಗೆ ಹೋಗುತ್ತಿವೆ. ಹಾಗೆಯೇ ಅಪ್ರೈಸಲ್ ಫಾರ್ಮ್. ನನ್ನದರಲ್ಲಿ ಸತ್ತುಹೋದ ಆ ಎರಡು ಸಾಲುಗಳು ವರ್ಷದ ಗುರಿಗಳಾಗಿ ಇನ್ನೂ ಕೂತಿದ್ದವು. ಇಲ್ಲದ ವಿಭಾಗದ ಗುರಿ ಮುಟ್ಟಿಲ್ಲ ಎಂದು ವರ್ಷದ ಕೊನೆಗೆ ಅಂಕ ಕಳೆದುಕೊಳ್ಳುತ್ತಿದ್ದೆನೋ ಏನೋ.

ವರದಿಯ ಕಥೆ ಚಿಕ್ಕದು. ‘ಒಂದು ತಿಂಗಳು ಕಳಿಸಬೇಡಿ, ಯಾರು ಕೇಳ್ತಾರೆ ನೋಡೋಣ’ ಅಂದರು. ಯಾರೂ ಕೇಳಲಿಲ್ಲ.

ಕಲಿಸುವ ವಿಷಯದಲ್ಲಿ ನಾನು ಸೋತೆ ಎನ್ನಬಹುದು. ಪಕ್ಕದ ಟೀಮಿನ ಮೂವರು ಹೊಸಬರಿಗೆ ಕಲಿಸುವುದಕ್ಕೆ ವಾರಕ್ಕೆ ಐದು ಗಂಟೆ ಹೋಗುತ್ತಿತ್ತು. ಅದು ಆ ಟೀಮಿನ ಕೆಲಸ, ಅಲ್ಲಿಗೇ ಹೋಗಲಿ ಎಂದು ಬರೆದಿದ್ದೆ. ಮೇಡಂ ಒಪ್ಪಲಿಲ್ಲ. ಅಲ್ಲಿ ಕಲಿಸಬಲ್ಲವರು ಯಾರೂ ಇಲ್ಲ ಅಂದರು. ಅದೂ ನಿಜವೇ. ‘ಸದ್ಯಕ್ಕೆ ನೀವೇ ನೋಡ್ಕೊಳ್ಳಿ’ ಎಂದರು.

ಆ ‘ಸದ್ಯಕ್ಕೆ’ ಎಂಬ ಪದ ಬಂದ ಕೂಡಲೇ ನಾನು ಎರಡು ವಿಷಯ ಕೇಳಿದೆ. ಯಾವ ತಾರೀಖಿನವರೆಗೆ? ಮತ್ತೆ, ಆ ಐದು ಗಂಟೆ ಎಲ್ಲಿಂದ ತರಲಿ? ಎರಡನೇ ಪ್ರಶ್ನೆ ಕೇಳಲು ಸ್ವಲ್ಪ ಧೈರ್ಯ ಬೇಕಾಯಿತು. ಆದರೆ ‘ಆಗಲ್ಲ’ ಎನ್ನುವುದಕ್ಕಿಂತ ‘ಇದನ್ನು ಮಾಡ್ತೀನಿ, ಬದಲಿಗೆ ಯಾವುದನ್ನು ತಡ ಮಾಡಬಹುದು’ ಎನ್ನುವುದು ಇಬ್ಬರಿಗೂ ಸುಲಭ. ಆಗ ಆಯ್ಕೆ ಅವರದಾಗುತ್ತದೆ. ಅವರು ನಿಂತುಹೋದ ವರದಿಯ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅದರ ಜೊತೆಗೆ ವೆಂಡರ್‌ಗಳ ಜೊತೆ ತಿಂಗಳಿಗೆರಡು ಸಲ ನಡೆಯುವ ಭೇಟಿಗಳನ್ನು ಇನ್ನೊಬ್ಬರಿಗೆ ಕೊಟ್ಟರು. ಆ ಭೇಟಿಗಳು ನನಗೆ ಇಷ್ಟವಾಗಿದ್ದವು. ಸ್ಪಷ್ಟ ಮಾಡಿ ಎಂದು ಕೇಳಿದರೆ ಹೀಗೂ ಆಗುತ್ತದೆ. ಗೊಂದಲದ ಮರೆಯಲ್ಲಿ ನಮ್ಮ ಕೈಯಲ್ಲಿ ಉಳಿದಿದ್ದ ಇಷ್ಟದ ಕೆಲಸವೂ ಬೆಳಕಿಗೆ ಬಂದು ಬೇರೆಯವರ ಪಾಲಾಗಬಹುದು. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಸಾಲನ್ನು ಅಷ್ಟು ಎದ್ದು ಕಾಣುವ ಹಾಗೆ ಬರೆಯುತ್ತಿರಲಿಲ್ಲ.

ಆ ಸಂಜೆಯೇ ಒಪ್ಪಿದ್ದನ್ನೆಲ್ಲ ಎಂಟು ಸಾಲಿನಲ್ಲಿ ಬರೆದು ಇಬ್ಬರು ಮ್ಯಾನೇಜರ್‌ಗಳಿಗೂ ಕಳಿಸಿದೆ. ಕೊನೆಗೆ ‘ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ತಪ್ಪಿದ್ದರೆ ತಿದ್ದಿ, ಸೋಮವಾರದಿಂದ ಹೀಗೇ ಮಾಡುತ್ತೇನೆ’ ಎಂದು ಸೇರಿಸಿದೆ. ಹಣಕಾಸಿನವರು ಮೊತ್ತವನ್ನು ಸ್ವಲ್ಪ ಇಳಿಸಿ ತಿದ್ದಿದರು. ಖುಷಿಯಾಯಿತು. ತಿದ್ದಿದರು ಅಂದರೆ ಓದಿದ್ದಾರೆ.

ಇನ್ನು ಎಚ್‌ಆರ್‌ನವರ ಹತ್ತಿರ ಇರುವ ಅಧಿಕೃತ ಜೆಡಿ. ಅದು ಇನ್ನೂ ಬದಲಾಗಿಲ್ಲ. ಅದನ್ನು ಬದಲಾಯಿಸಿದರೆ ಹುದ್ದೆಯ ದರ್ಜೆಯನ್ನೂ ಮತ್ತೆ ತೂಗಿ ನೋಡಬೇಕಂತೆ, ಅದಕ್ಕೆ ಅವರದೇ ಸರದಿ ಇದೆ. ನಾನು ಅವಸರ ಮಾಡಲಿಲ್ಲ. ಮೇಲ್ ಅನ್ನು ಅವರಿಗೂ ಕಳಿಸಿ, ಕಡತದಲ್ಲಿ ಸೇರಿಸಿ ಎಂದು ಕೇಳಿದೆ. ಹಳೆಯ ಜೆಡಿಯ ಕೊನೆಯಲ್ಲಿ, ಬಹಳಷ್ಟು ಜೆಡಿಗಳಲ್ಲಿ ಇರುವಂತೆ, ‘ಮೇಲಿನವರು ಆಗಾಗ ವಹಿಸುವ ಇತರ ಕೆಲಸಗಳು’ ಎಂಬ ಸಾಲಿದೆ. ಆ ಒಂದು ಸಾಲು ಇರುವವರೆಗೆ ಜೆಡಿ ತೋರಿಸಿ ‘ಇದು ನನ್ನ ಕೆಲಸ ಅಲ್ಲ’ ಎಂದು ವಾದ ಮಾಡಿ ಗೆಲ್ಲುವುದು ಕಷ್ಟ. ಆ ಸಾಲಿಗೂ ಮಿತಿ ಇದೆ, ಕೆಲಸದ ಸ್ವರೂಪವೇ ಬದಲಾಗಿ ಹೋದರೆ ಒಪ್ಪಂದ ಮತ್ತು ಆಯಾ ಕಡೆಯ ಕಾನೂನು ನೋಡಬೇಕಾಗುತ್ತದೆ. ನನ್ನ ವಿಷಯ ಅಷ್ಟು ದೂರ ಹೋಗಿರಲಿಲ್ಲ.

ಕಲಿಸುವ ಕೆಲಸಕ್ಕೆ ಮೂರು ತಿಂಗಳ ತಾರೀಖು ಹಾಕಿದ್ದೆವು. ಅದು ಕಳೆದ ಶುಕ್ರವಾರ ಬಂತು. ಬೆಳಿಗ್ಗೆ ಆ ಹಳೆಯ ಮೇಲ್ ಮೇಲೆಯೇ ಎರಡು ಸಾಲು ಬರೆದು ಕಳಿಸಿದೆ. ಮಧ್ಯಾಹ್ನ ಮೇಡಂ ಉತ್ತರ ಬಂತು: ‘ಹೌದು, ನೆನಪಿದೆ. ಅಲ್ಲಿ ಒಬ್ಬರನ್ನು ತಯಾರು ಮಾಡ್ತಿದ್ದೀವಿ. ಇನ್ನೊಂದು ತಿಂಗಳು ಕೊಡ್ತೀರಾ?’

ಕೊಟ್ಟೆ. ಹಳೆಯ ತಾರೀಖಿನ ಪಕ್ಕದಲ್ಲಿ ಹೊಸದನ್ನು ಬರೆದು ವಾಪಸ್ ಕಳಿಸಿದೆ.